ಸೊಸೈಟಿಯ ಅಂಗಳಕ್ಕಾಗಿ ಆರ್ಕಿಟೆಕ್ಟರಿಗೆ ಪತ್ರ: ಕರಡು ನೋಡಿ, ತಪ್ಪಿದ್ದರೆ ಹೇಳಿ

ಮುಲುಂಡ್ ಕಾರ್ಯದರ್ಶಿ · ಏಪ್ರಿಲ್ 12

ಎಲ್ಲರಿಗೂ ನಮಸ್ಕಾರ. ಮುಂಬೈಯ ಮುಲುಂಡ್ ಪೂರ್ವದಲ್ಲಿ ನಮ್ಮ ಸೊಸೈಟಿ. 1983ರ ಕಟ್ಟಡ. ಮೂರು ವಿಂಗ್, ನೆಲಮಹಡಿ ಸೇರಿ ನಾಲ್ಕು ಅಂತಸ್ತು, 48 ಮನೆ. ಅರ್ಧಕ್ಕಿಂತ ಹೆಚ್ಚು ಜನ ಬ್ಯಾಂಕಿನಲ್ಲಿದ್ದು ನಿವೃತ್ತರಾದ ಉಡುಪಿ, ಕುಂದಾಪುರ ಕಡೆಯವರು. ಮೂರು ವಿಂಗಿನ ನಡುವೆ 20 ಮೀಟರ್ ಉದ್ದ, 12 ಮೀಟರ್ ಅಗಲದ ಅಂಗಳವಿದೆ. ಒಂದು ಕಾಲಕ್ಕೆ ಗಣೇಶೋತ್ಸವ, ಮಕ್ಕಳ ಕ್ರಿಕೆಟ್, ಹಪ್ಪಳ ಒಣಗಿಸುವುದು ಎಲ್ಲ ಅಲ್ಲೇ. ಈಗ ಹಳೆ ಸ್ಕೂಟರ್, ಮುರಿದ ಕಮೋಡ್, ಪಾಚಿ ಕಟ್ಟಿದ ಪೇವರ್ ಬ್ಲಾಕ್.

ಜನರಲ್ ಬಾಡಿಯಲ್ಲಿ 12 ಲಕ್ಷದ ಮಿತಿಗೆ ಠರಾವು ಆಗಿದೆ. ಠಾಣೆಯ ಒಬ್ಬ ಆರ್ಕಿಟೆಕ್ಟರಿಗೆ ಪತ್ರ ಬರೆಯಬೇಕು. ಕೊನೆಗೆ ಇಂಗ್ಲಿಷಿನಲ್ಲೇ ಹೋಗುವುದು, ಆದರೆ ನನಗೆ ಕನ್ನಡದಲ್ಲಿ ಯೋಚಿಸಿದರೆ ಮಾತ್ರ ಕೈ ಓಡುತ್ತದೆ. ಕರಡು ಇಲ್ಲಿದೆ:

*«ಮಾನ್ಯರೇ, ನಮ್ಮ ಸೊಸೈಟಿಯ ಅಂಗಳವನ್ನು ಸುಂದರಗೊಳಿಸಲು ತೀರ್ಮಾನಿಸಿದ್ದೇವೆ. ಹಾಲಿ ನೆಲದ ಮೇಲೆ ಹೊಸ ಪೇವರ್ ಬ್ಲಾಕ್ ಹಾಸುವುದು, ನಡುವೆ ಸಣ್ಣ ಕಾರಂಜಿ, ಸುತ್ತ ಹೂವಿನ ತೊಟ್ಟಿ, ಹಿರಿಯರಿಗೆ ನಾಲ್ಕು ಬೆಂಚು, ಅಡ್ಡಿಯಾಗಿರುವ ಬಾದಾಮಿ ಮರ ತೆಗೆಯುವುದು. ಮಳೆಗಾಲಕ್ಕೆ ಮೊದಲೇ ಕೆಲಸ ಮುಗಿಯಬೇಕು. ದಯವಿಟ್ಟು ನಕ್ಷೆ ಮತ್ತು ಅಂದಾಜು ವೆಚ್ಚ ಕಳುಹಿಸಿ.»*

ಭಾಷೆ ಸರಿಯಿದೆಯೇ? ಇನ್ನೇನಾದರೂ ಸೇರಿಸಬೇಕೇ?

---

ಡೊಂಬಿವಲಿ ಕುಂದಾಪ್ರ · ಏಪ್ರಿಲ್ 12

ಭಾಷೆ ಚಂದ ಉಂಟು ಮಾರಾಯ್ರೆ. ಒಂದೇ ಸಲಹೆ: ಸಾದಾ ಪೇವರ್ ಬೇಡ, ನೀರು ಇಂಗುವ ಪೇವರ್ ಹಾಕಿಸಿ. ನೀರೆಲ್ಲ ಭೂಮಿಗೆ ಹೋಗ್ತದೆ, ಗಟಾರದ ಗೊಡವೆಯೇ ಇಲ್ಲ. ನಮ್ಮಲ್ಲಿ ಹಾಕಿ ಒಂದು ವರ್ಷ ಆಯಿತು.

---

ಕೋಥ್ರೂಡ್ ವಾಸಿ · ಏಪ್ರಿಲ್ 12

1983ರ ಕಟ್ಟಡ ಅಂದರೆ ಇವತ್ತಲ್ಲ ನಾಳೆ ಬಿಲ್ಡರ್ ಬಂದೇ ಬರುತ್ತಾನೆ. 12 ಲಕ್ಷ ಅಂಗಳಕ್ಕೆ ಹಾಕಿ ಆಮೇಲೆ ಬುಲ್ಡೋಜರ್ ಹತ್ತಿಸುವುದೇ? ರೀಡೆವಲಪ್‌ಮೆಂಟಿಗೆ ಯಾವ ಆರ್ಕಿಟೆಕ್ಟ್ ಒಳ್ಳೆಯವರು ಅಂತ ಕೇಳಿ, ಹೇಳುತ್ತೇನೆ.

---

ಮುಲುಂಡ್ ಕಾರ್ಯದರ್ಶಿ · ಏಪ್ರಿಲ್ 12

ಸರ್, ರೀಡೆವಲಪ್‌ಮೆಂಟ್ ಮಾತು ಹನ್ನೊಂದು ವರ್ಷದಿಂದ ನಡೆಯುತ್ತಿದೆ. ಅಷ್ಟರಲ್ಲಿ ಆರು ಜನ ತೀರಿಕೊಂಡರು. ಅಂಗಳದ ಪತ್ರದ ಬಗ್ಗೆ ಹೇಳಿ.

---

ನೆಲಮನೆ ಬಿ-2 · ಏಪ್ರಿಲ್ 13

ನಾನು ಇದೇ ಸೊಸೈಟಿಯವಳು. ಕಾರ್ಯದರ್ಶಿಗಳು ಮೂರನೇ ಮಹಡಿಯಲ್ಲಿದ್ದಾರೆ, ಅದಕ್ಕೇ ಪತ್ರದಲ್ಲಿ ಕಾರಂಜಿ ಇದೆ. ನನ್ನ ಮನೆಗೆ ಹೋದ ಜುಲೈಯಲ್ಲಿ ಎರಡು ಸಲ ನೀರು ನುಗ್ಗಿತು. ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟಿದ್ದು ಇನ್ನೂ ತೆಗೆದಿಲ್ಲ. ಪತ್ರದಲ್ಲಿ ನೀರು ಎಂಬ ಶಬ್ದ ಕಾರಂಜಿಯ ನೆಪಕ್ಕೂ ಬಂದಿಲ್ಲ.

---

ಧಾರವಾಡ ಓವರ್‌ಸಿಯರ್ · ಏಪ್ರಿಲ್ 13

ಅಕ್ಕಾರು ಹೇಳಿದ್ದರಾಗ ಎಲ್ಲಾ ಐತ್ರಿ. ಇಪ್ಪತ್ತೆರಡು ವರ್ಷ ಠಾಣೆ, ಮುಲುಂಡ್ ಕಡೆ ಸೈಟ್ ನೋಡೀನಿ. ಕಾರ್ಯದರ್ಶಿಗಳೇ, ಮೂರು ಪ್ರಶ್ನೆ ಕೇಳ್ತೀನಿ. ಕಟ್ಟಿಸಿದಾಗ ನೆಲಮನೆಗೆ ಹತ್ತಲಿಕ್ಕೆ ಎಷ್ಟು ಮೆಟ್ಟಿಲಿದ್ದವು, ಈಗ ಎಷ್ಟು ಅದಾವು? ಅಂಗಳದ ನೆಲದ ಕೆಳಗ ನೀರಿನ ಟಾಕಿ ಐತೋ ಇಲ್ಲೋ? ಅಂಗಳದ ನೀರು ಹೋಗೋ ಪೈಪು ಎಲ್ಲಿ ಹೋಗಿ ಕೂಡ್ತದ?

ಇವಕ್ಕ ಉತ್ತರ ಇಲ್ಲದ ಪತ್ರ ಹೋದ್ರ ಆರ್ಕಿಟೆಕ್ಟ್ ನೀವು ಕೇಳಿದ್ದನ್ನೇ ಬರ್ದು ಕಳಸ್ತಾರ. ಕಾರಂಜಿ ಕೇಳಿದ್ರಿ, ಕಾರಂಜಿ ಬರ್ತದ.

---

ಮುಲುಂಡ್ ಕಾರ್ಯದರ್ಶಿ · ಏಪ್ರಿಲ್ 13

ಬಿ-2ರ ಅಮ್ಮ, ಕ್ಷಮಿಸಿ. ನಿಮ್ಮ ದೂರು ರಿಜಿಸ್ಟರಿನಲ್ಲಿ ಇದೆ. ಅದು ಪ್ಲಂಬಿಂಗಿನ ವಿಷಯ, ಅಂಗಳದ್ದಲ್ಲ ಅಂದುಕೊಂಡಿದ್ದೆ.

ಓವರ್‌ಸಿಯರ್ ಸಾಹೇಬರೇ: ಹಳೆಯ ಫೋಟೋ ತೆಗೆಸಿ ನೋಡಿದೆ. ಆಗ ಮೂರು ಮೆಟ್ಟಿಲು, ತಲಾ 15 ಸೆಂ.ಮೀ., ಒಟ್ಟು 45. ಈಗ ಒಂದೇ ಮೆಟ್ಟಿಲು ಉಳಿದಿದೆ! 2009ರಲ್ಲಿ ಒಮ್ಮೆ, 2016ರಲ್ಲಿ ಒಮ್ಮೆ ಹೊಸ ನೆಲ ಹಾಕಿಸಿದ್ದೆವು. ಹಳೆಯದನ್ನು ಕಿತ್ತರೆ ಡೆಬ್ರಿ ಸಾಗಿಸುವ ಖರ್ಚು ಅಂತ ಅದರ ಮೇಲೆಯೇ ಹಾಕಿದರು. ಟಾಕಿ ಇದೆ, ಅಂಗಳದ ನಡುವೆ, 35,000 ಲೀಟರಿನದು. ಮುಚ್ಚಳ ನೆಲಕ್ಕೆ ಸಮ. ನೀರು ಗೇಟಿನ ಹತ್ತಿರದ ಚೇಂಬರಿಗೆ ಹೋಗುತ್ತದೆ, 4 ಇಂಚಿನ ಪೈಪು.

---

ಧಾರವಾಡ ಓವರ್‌ಸಿಯರ್ · ಏಪ್ರಿಲ್ 13

ಹಂಗಾದ್ರ ಲೆಕ್ಕ ನೋಡ್ರಿ. ಮೊದಲನೇ ಸಲ 12, ಎರಡನೇ ಸಲ 15 ಸೆಂ.ಮೀ. ಏರಿರಬೇಕು. 45ರಾಗ 27 ಹೋತು, 18 ಉಳೀತು. ಈಗ ಮೂರನೇ ಪದರು ಹಾಕಿದ್ರಿ ಅಂದ್ರ, 6 ಸೆಂ.ಮೀ. ಬ್ಲಾಕು, ಅದರ ಕೆಳಗ ಮರಳು, ಅದರ ಕೆಳಗ ಲೆವೆಲ್ ಮಾಡೋ ಕಾಂಕ್ರೀಟು, ಮತ್ತ 15. ಉಳಿಯೂದು ಮೂರು ಸೆಂಟಿಮೀಟರ್. ಬಿ-2 ಅಕ್ಕಾರ ಮಂಚಕ್ಕ ಇನ್ನೊಂದು ಇಟ್ಟಿಗಿ ಬೇಕಾಗ್ತದ.

ಟಾಕಿದು ಇನ್ನೊಂದು ಕಥಿ. ಆ 27 ಸೆಂ.ಮೀ. ಟಾಕಿಯ ಸ್ಲ್ಯಾಬಿನ ಮ್ಯಾಲೂ ಕುಂತದ. ಚದರ ಮೀಟರಿಗೆ ಸುಮಾರು 550 ಕಿಲೋ ಭಾರ, ಸ್ಲ್ಯಾಬ್ ಹಾಕಿದಾಗ ಯಾರೂ ಲೆಕ್ಕ ಹಿಡಿದಿರೋದಿಲ್ಲ. ಅದರ ಮ್ಯಾಲೆ ಎರಡಡಿ ಆಳದ ಹೂವಿನ ತೊಟ್ಟಿ ಇಟ್ರ ಒದ್ದಿ ಮಣ್ಣು ಇನ್ನೂ ಸಾವಿರ ಕಿಲೋ ಮೀರ್ತದ. ಬ್ಯಾಸಿಗ್ಯಾಗ ಟ್ಯಾಂಕರ್ ಒಳಗ ಬರ್ತದೇನು?

---

ಮುಲುಂಡ್ ಕಾರ್ಯದರ್ಶಿ · ಏಪ್ರಿಲ್ 13

ಬರುತ್ತದೆ. ಮುಚ್ಚಳದ ಪಕ್ಕಕ್ಕೇ ಬಂದು ನಿಲ್ಲುತ್ತದೆ.

---

ಧಾರವಾಡ ಓವರ್‌ಸಿಯರ್ · ಏಪ್ರಿಲ್ 13

ನಾಳೆಯಿಂದ ಗೇಟಿನಾಗ ನಿಲ್ಲಿಸಿ ಪೈಪು ಎಳಕೊಳ್ರಿ. ಹತ್ತು ಸಾವಿರ ಲೀಟರಿನ ಟ್ಯಾಂಕರಿನಾಗ ಬರೇ ನೀರೇ ಹತ್ತು ಟನ್. ಪತ್ರ ಆಮ್ಯಾಲೆ.

---

ಎ ವಿಂಗ್ ಅಜ್ಜಿ · ಏಪ್ರಿಲ್ 14

ಮೊಮ್ಮಗಳು ಬರೆದುಕೊಡ್ತಿದ್ದಾಳೆ. ಬೆಂಚು ಬೇಡ, ಕಟ್ಟೆ ಮಾಡಿ. ಸಿಮೆಂಟ್ ಬೆಂಚಿಗೆ ಒರಗುವುದಕ್ಕಿಲ್ಲ, ಕಬ್ಬಿಣದ ಬೆಂಚು ಮಧ್ಯಾಹ್ನ ಸುಡ್ತದೆ. ಬಾದಾಮಿ ಮರದ ಬುಡಕ್ಕೆ ಕಟ್ಟೆ ಇದ್ದರೆ ನಾವು ಐದು ಜನ ಸಂಜೆ ಆರರಿಂದ ಎಂಟರವರೆಗೆ ಅಲ್ಲೇ. ಮರ ಕಡಿಯುವ ಮಾತು ಯಾರದು? ಅದನ್ನು ನೆಟ್ಟದ್ದು ನಮ್ಮವರು.

---

ಮೇಜುದೀಪ · ಏಪ್ರಿಲ್ 14

ನಾನು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್, ಅಂಧೇರಿಯಲ್ಲಿ ಕೆಲಸ. ಇಂಥ ಪತ್ರ ತಿಂಗಳಿಗೆ ಎರಡು ಮೂರು ಬರುತ್ತವೆ. ಹೆಚ್ಚಿನವು ನಿಮ್ಮ ಮೊದಲ ಕರಡಿನ ಹಾಗೆಯೇ, ಉತ್ತರ ಮೊದಲೇ ಬರೆದು ಪ್ರಶ್ನೆಯನ್ನು ಬಿಟ್ಟಿರುತ್ತಾರೆ. ನನಗೆ ಬೇಕಾದದ್ದು ಈಗ ಅಜ್ಜಿ ಹೇಳಿದ ಮಾತು: ಎಷ್ಟು ಜನ, ಎಷ್ಟು ಹೊತ್ತಿಗೆ, ಎಲ್ಲಿ ಕೂರುತ್ತಾರೆ. «ಹಿರಿಯರಿಗೆ ನಾಲ್ಕು ಬೆಂಚು» ಅಂದರೆ ಗೋಡೆಗೆ ತಾಗಿಸಿ ನಾಲ್ಕು ಬೆಂಚು ಬರೆದುಬಿಡುತ್ತೇನೆ, ಮೇ ತಿಂಗಳ ಬಿಸಿಲಿಗೆ ಅಲ್ಲಿ ಬೆಕ್ಕೂ ಕೂರುವುದಿಲ್ಲ.

ಮರದ ಬಗ್ಗೆ: 1975ರ ಮಹಾರಾಷ್ಟ್ರ ವೃಕ್ಷ ಸಂರಕ್ಷಣೆ ಕಾಯ್ದೆಯಡಿ ನಿಮ್ಮ ಸ್ವಂತ ಜಾಗದ ಮರವನ್ನೂ ಪಾಲಿಕೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಕೊಂಬೆ ಸವರುವುದಕ್ಕೂ ಅರ್ಜಿ ಹಾಕಬೇಕು. ಅದನ್ನು ಆರ್ಕಿಟೆಕ್ಟರ ತಲೆಗೆ ಕಟ್ಟಬೇಡಿ. ಇನ್ನು ಅಜ್ಜಿ, ಕಟ್ಟೆಗೆ ಒಂದು ಷರತ್ತು. ಬುಡಕ್ಕೆ ಮಣ್ಣು ಏರಿಸಿ ಸಿಮೆಂಟಿನಿಂದ ಮುಚ್ಚಿದರೆ ಬೇರಿಗೆ ಉಸಿರು ಕಟ್ಟುತ್ತದೆ. ಬುಡದ ಸುತ್ತ ಒಂದು ಮೀಟರ್ ಬಯಲು ಮಣ್ಣು ಬಿಟ್ಟು, ಅದರಾಚೆಗೆ ಕಟ್ಟೆ. ನಿಮ್ಮಲ್ಲಿ ಬೇರು ನೆಲ ಎತ್ತುತ್ತಿದ್ದರೆ, ಬ್ಲಾಕು ಬುಡಕ್ಕೆ ಒತ್ತಿಕೊಂಡಿರುವುದರಿಂದಲೇ ಅಂತ ನನ್ನ ಅನುಮಾನ.

---

ಡೊಂಬಿವಲಿ ಕುಂದಾಪ್ರ · ಏಪ್ರಿಲ್ 14

ನನ್ನ ಇಂಗುವ ಪೇವರ್ ಬಗ್ಗೆ ಯಾರೂ ಏನೂ ಹೇಳಲಿಲ್ಲ.

---

ಧಾರವಾಡ ಓವರ್‌ಸಿಯರ್ · ಏಪ್ರಿಲ್ 14

ಹೇಳ್ತೀನ್ರಿ. ಪೇವರ್ ಕೆಟ್ಟದ್ದಲ್ಲ. ಬ್ಲಾಕಿನೊಳಗಿಂದ ನೀರು ಇಳೀತದ, ನಿಜ. ಇಳಿದು ಎಲ್ಲಿಗೆ ಹೋಗ್ತದ ಅನ್ನೋದು ಪ್ರಶ್ನೆ. ಜೂನ್ ಮೊದಲ ಮಳಿ ಹೀರ್ಕೊಳ್ತದ. ಜುಲೈ ನಡುವ ಮುಲುಂಡ್ ಪೂರ್ವದಾಗ, ಅದೂ ಖಾಡಿ ಕಡೆ, ಎರಡಡಿ ಅಗದ್ರ ನೀರು ಕಾಣಸ್ತದ. ತುಂಬಿದ ಕೊಡಕ್ಕ ಇನ್ನೆಷ್ಟು ಸುರೀತೀರಿ? ಪರೀಕ್ಷೆ ಬೇಕಂದ್ರ ಎರಡಡಿ ಗುಂಡಿ ತಗೀರಿ, ನೀರು ತುಂಬ್ರಿ, ಇಳಿಯೋದಕ್ಕ ಎಷ್ಟು ಹೊತ್ತು ನೋಡ್ರಿ. ಆದ್ರ ಏಪ್ರಿಲ್‌ನಾಗ ಮಾಡಿದ್ದು ಸುಳ್ಳು ಉತ್ತರ ಕೊಡ್ತದ, ಜುಲೈದಾಗ ಮಾಡ್ರಿ. ಟಾಕಿ ಗೋಡೆ ಹತ್ರ ಅಂತೂ ಇಂಗಿಸೋದು ಬ್ಯಾಡೇ ಬ್ಯಾಡ. ಗೋಡೆಯಾಗ ಒಂದು ಸೀಳಿದ್ರ ಅಂಗಳದ ನೀರೇ ಕುಡಿಯೋ ನೀರು.

---

ಡೊಂಬಿವಲಿ ಕುಂದಾಪ್ರ · ಏಪ್ರಿಲ್ 14

ನಮ್ಮದು ಗುಡ್ಡದ ಬದಿ, ಅದಕ್ಕೆ ಇಳಿಯುವುದಾ ಹಾಗಾದರೆ. ಆದರೂ ಇನ್ನೂ ಒಂದೇ ಮಳೆಗಾಲ ಕಂಡದ್ದು, ನೋಡುವ.

---

ಮುಲುಂಡ್ ಕಾರ್ಯದರ್ಶಿ · ಏಪ್ರಿಲ್ 16

ನಿನ್ನೆ ಒಬ್ಬ ಗಾರೆ ಕೆಲಸದವನನ್ನು ಕರೆಸಿ, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ಅಳೆಸಿದೆ. 300 ರೂಪಾಯಿ, ಒಂದು ಗಂಟೆ. ಬಿ-2ರ ಹೊಸ್ತಿಲನ್ನು ಸೊನ್ನೆ ಎಂದಿಟ್ಟುಕೊಂಡು, ಅಲ್ಲಿಂದ ಎಷ್ಟು ಸೆಂ.ಮೀ. ಕೆಳಗೆ ಎಂದು ಬರೆದಿದ್ದೇನೆ. ಬಿ ವಿಂಗಿನ ಮೂಲೆ 18. ಟಾಕಿಯ ಮುಚ್ಚಳ 17. ಗೇಟಿನ ಒಳಗೆ 13. ಹೊರಗಿನ ರಸ್ತೆ 10. ಚೇಂಬರಿನ ತಳ 58.

ಅಂದರೆ ನಮ್ಮ ಅಂಗಳ ಗೇಟಿನ ಕಡೆಗೆ ಇಳಿಯುವ ಬದಲು ಏರುತ್ತಿದೆ! ಏಳು ವರ್ಷ ಈ ಅಂಗಳದಲ್ಲಿ ನಡೆದಾಡಿಯೂ ನನಗೆ ಗೊತ್ತಾಗಲಿಲ್ಲ.

---

ಧಾರವಾಡ ಓವರ್‌ಸಿಯರ್ · ಏಪ್ರಿಲ್ 16

ಶಾಬಾಸ್. ಈಗ ನಿಮ್ಮ ಪತ್ರಕ್ಕ ಬೆನ್ನೆಲುಬು ಬಂತು. ಲೆಕ್ಕ ಮುಂದುವರಸೋಣ.

ಎರಡೂ ಪದರು ಕಿತ್ತು ಹೊಸದಾಗಿ 15 ಸೆಂ.ಮೀ. ಕಟ್ಟಿದ್ರ ಬಿ ಮೂಲಿ 30ಕ್ಕ ಬರ್ತದ. ಅಲ್ಲಿ 10 ಸೆಂ.ಮೀ. ಆಳದ ಕಾಲುವೆ ಶುರು ಮಾಡಿದ್ರ ತಳ 40. ಅಲ್ಲಿಂದ ಚೇಂಬರಿಗೆ ಎಷ್ಟು ದೂರ? 22 ಮೀಟರ್ ಅಂತ ಹಿಡೀರಿ. ನೂರಕ್ಕ ಒಂದರ ಇಳಿಜಾರು ಬೇಕು, ಅಂದ್ರ 22 ಸೆಂ.ಮೀ. ಕಾಲುವೆ ಚೇಂಬರಿಗೆ ಮುಟ್ಟೋದು 62ಕ್ಕ. ನಿಮ್ಮ ಚೇಂಬರಿನ ತಳ 58. ನಾಲ್ಕು ಸೆಂ.ಮೀ. ಕಮ್ಮಿ ಬಿತ್ತು, ನೀರು ಹತ್ತೋದಿಲ್ಲ.

ಆದ್ರ ನನಗ ಅನುಮಾನ. ಅಳತಿ ತಗೊಂಡದ್ದು ಪೈಪಿನ ತಳಕ್ಕೋ, ಹೂಳಿನ ಮ್ಯಾಲಕ್ಕೋ?

---

ಮುಲುಂಡ್ ಕಾರ್ಯದರ್ಶಿ · ಏಪ್ರಿಲ್ 19

ಹೂಳಿನ ಮೇಲಕ್ಕೆ. ಚೇಂಬರ್ ಖಾಲಿ ಮಾಡಿಸಿದೆ. ಹತ್ತು ಬುಟ್ಟಿ ಕೆಸರು, ಒಂದು ಚಪ್ಪಲಿ, ಲೆಕ್ಕವಿಲ್ಲದಷ್ಟು ಬಾದಾಮಿ ಎಲೆ. ತಳ 75ಕ್ಕೆ ಸಿಕ್ಕಿತು. ಮೂಲೆಯಿಂದ ದೂರ ಸರಿಯಾಗಿ 22 ಮೀಟರ್.

---

ಧಾರವಾಡ ಓವರ್‌ಸಿಯರ್ · ಏಪ್ರಿಲ್ 19

ಹಂಗಾದ್ರ 13 ಸೆಂ.ಮೀ. ಕೈಯಾಗ ಉಳೀತು. ಕೆಲಸ ಆಗ್ತದ.

ಪೈಪು ಮಾತ್ರ ಸಾಲೂದಿಲ್ಲ. ಅಂಗಳ 240 ಚದರ ಮೀಟರ್, ಅದರ ಮ್ಯಾಲೆ ಟೆರೇಸಿನ ಪೈಪುಗಳೂ ಅಂಗಳಕ್ಕೇ ಬೀಳ್ತಾವ ಅಂದ್ರ ಇನ್ನೊಂದು 160 ಹಿಡೀರಿ. ಒಟ್ಟು 400. ತಾಸಿಗೆ 50 ಮಿ.ಮೀ. ಮಳಿ ಬಂದ್ರ, ಮುಂಬೈಗೆ ಅದೇನು ದೊಡ್ಡದಲ್ಲ, 20,000 ಲೀಟರ್. ಸೆಕೆಂಡಿಗೆ ಐದೂವರೆ ಲೀಟರ್. ಆ ಇಳಿಜಾರಿನಾಗ 4 ಇಂಚಿನ ಪೈಪು ಸ್ವಚ್ಛ ಇದ್ದಾಗ ಒಯ್ಯೋದು ಹತ್ತಿರ ಹತ್ತಿರ ಅಷ್ಟೇ. ಬಾದಾಮಿ ಎಲಿ ತಾಟಿನಷ್ಟು ದೊಡ್ಡದು, ಎರಡು ಎಲಿ ಬಾಯಿಗೆ ಕುಂತ್ರ ಮುಗೀತು. 6 ಇಂಚು ಅದರ ಮೂರು ಪಟ್ಟು ಒಯ್ತದ. ನನ್ನ ಕೇಳಿದ್ರ ಪೈಪೇ ಬ್ಯಾಡ, ಮ್ಯಾಲೆ ಎತ್ತಿ ತೆಗೆಯೋ ಜಾಲರಿ ಇರೋ ತೆರೆದ ಕಾಲುವೆ ಇರಲಿ. ವಾಚ್‌ಮನ್ ಕಸಬರಿಗೆಯಿಂದ ಬಳೀಬಹುದು.

---

ಡೊಂಬಿವಲಿ ಕುಂದಾಪ್ರ · ಏಪ್ರಿಲ್ 19

ಒಂದು ಸಂಶಯ. ಈಗ ರಸ್ತೆ 10, ಅಂಗಳ 30 ಅಂದರೆ ರಸ್ತೆಗಿಂತ 20 ಸೆಂ.ಮೀ. ತಗ್ಗು. ನೀವು ಅಂಗಳವನ್ನು ಬಟ್ಟಲು ಮಾಡ್ತಿದ್ದೀರಿ. 2005ರ ಜುಲೈ 26 ಮರೆತುಹೋಯಿತಾ? ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿ.ಮೀ. ಅದಕ್ಕಿಂತ ಅಂಗಳ ಏರಿಸಿ, ಹೊಸ್ತಿಲೂ ಏರಿಸಿ.

---

ಧಾರವಾಡ ಓವರ್‌ಸಿಯರ್ · ಏಪ್ರಿಲ್ 19

ಪ್ರಶ್ನೆ ಚೊಲೋ ಐತ್ರಿ. ರಸ್ತೇನೇ ಮುಳುಗಿದ ದಿನ ಹೊರಗಿನ ನೀರು ಹೊಸ್ತಿಲಿಗೆ 10 ಸೆಂ.ಮೀ. ಕೆಳಗಿನ ಮಟ್ಟಕ್ಕಿಂತ ಮ್ಯಾಲೇ ನಿಲ್ತದ. ಅಂಗಳ 18 ಇದ್ರೂ ಅಷ್ಟೇ, 30 ಇದ್ರೂ ಅಷ್ಟೇ. ಅವತ್ತಿನ ನೀರಿಗೆ ಅಂಗಳ ಲೆಕ್ಕಕ್ಕಿಲ್ಲ. ವರ್ಷಕ್ಕ ಎಷ್ಟೋ ಸಲ ಬರೋ ಸಾದಾ ಜೋರು ಮಳಿಗೆ ಮಾತ್ರ ಫರಕ್ ಬೀಳ್ತದ. ಗೇಟಿನಾಗ ಅಡ್ಡಕ್ಕ ಒಂದು ಉಬ್ಬು, ಅದರ ಒಳಗ ಅಡ್ಡ ಜಾಲರಿ ಬೇಕು, ಇಲ್ಲಾಂದ್ರ ರಸ್ತೆ ನೀರು ಒಳಗ ಬರ್ತದ.

ಆದ್ರ ಸಮುದ್ರದ ಉಬ್ಬರದ ಹೊತ್ತಿಗೆ ಪಾಲಿಕೆಯ ಗಟಾರ ತುಂಬಿ ಚೇಂಬರಿನಿಂದ ತಿರುಗಿ ಬಂದ್ರ ಏನು ಅನ್ನೋದಕ್ಕ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಒಂದೇ ಕಡೆ ತೆರೆಯೋ ಫ್ಲ್ಯಾಪ್ ಹಾಕಬಹುದು. ಅದು ಮುಚ್ಚಿದಾಗ ಒಳಗಿನ ನೀರಿಗೆ ಪಂಪ್ ಬೇಕು. ಪಂಪ್ ಇಟ್ರ ಮಳಿಗಾಲದಾಗ ಕರೆಂಟ್ ಹೋದಾಗ ಏನು? ಅದನ್ನ ಆರ್ಕಿಟೆಕ್ಟರಿಗೇ ಕೇಳ್ರಿ.

---

ನೆಲಮನೆ ಬಿ-2 · ಏಪ್ರಿಲ್ 19

ಹೊಸ್ತಿಲು ಏರಿಸುವ ಮಾತು ಬೇಡ. ಅತ್ತೆಗೆ ಗಾಲಿಕುರ್ಚಿ. ಈಗ ಒಂದು ಮೆಟ್ಟಿಲಿಗೇ ಇಬ್ಬರು ಎತ್ತುತ್ತೇವೆ. ಅಂಗಳ 30 ಸೆಂ.ಮೀ. ಕೆಳಗೆ ಹೋದರೆ ಎರಡು ಮೆಟ್ಟಿಲು ಆಗುತ್ತದಲ್ಲ, ಅದಕ್ಕೇನು ಮಾಡುತ್ತೀರಿ?

---

ಮೇಜುದೀಪ · ಏಪ್ರಿಲ್ 20

ಇದನ್ನು ಯಾರೂ ಯೋಚಿಸಿರಲಿಲ್ಲ, ನಾನೂ ಸೇರಿ. 30 ಸೆಂ.ಮೀ. ಏರಲು ಹನ್ನೆರಡಕ್ಕೆ ಒಂದರಂತೆ ಇಳಿಜಾರು ಮಾಡಿದರೆ 3.6 ಮೀಟರ್ ಉದ್ದ ಬೇಕು. ಬಿ ವಿಂಗಿನ ಗೋಡೆಯುದ್ದಕ್ಕೂ ಜಾಗ ಸಿಗಬಹುದು, ಆದರೆ ಟೆರೇಸಿನ ಪೈಪುಗಳು ಅಲ್ಲೇ ಇಳಿಯುತ್ತಿದ್ದರೆ ಕಷ್ಟ. ಪತ್ರದಲ್ಲಿ ಖಂಡಿತ ಬರೆಯಿರಿ. ನೀವು ಉತ್ತರ ಹುಡುಕಬೇಡಿ.

ಶುಲ್ಕದ ಬಗ್ಗೆಯೂ ಒಂದು ಮಾತು. ಕಲ್ಪನೆ, ಕೆಲಸದ ನಕ್ಷೆ, ಕೊಟೇಶನ್ ಹೋಲಿಕೆ, ಸೈಟ್ ಮೇಲ್ವಿಚಾರಣೆ, ನಾಲ್ಕಕ್ಕೂ ಬೇರೆ ಬೇರೆ ಕೇಳಿ. ಸೊಸೈಟಿಗಳು ಮೇಲ್ವಿಚಾರಣೆಯಲ್ಲಿ ಉಳಿಸಲು ಹೋಗುತ್ತವೆ. ಇಳಿಜಾರು ಉಲ್ಟಾ ಆಗುವುದು ಆಗಲೇ, ನಿಮ್ಮ 2016ರ ಹಾಗೆ.

---

ಕೋಥ್ರೂಡ್ ವಾಸಿ · ಏಪ್ರಿಲ್ 20

ಇಷ್ಟೆಲ್ಲ ಮಾಡಿ ಆಮೇಲೆ ರೀಡೆವಲಪ್‌ಮೆಂಟಿಗೆ ಸಹಿ ಹಾಕುತ್ತೀರಿ. ಆದರೂ ಸರಿ, ಸಿಂಕಿಂಗ್ ಫಂಡ್ ಮಾತ್ರ ಮುಟ್ಟಬೇಡಿ. ಅದು ಕಟ್ಟಡದ ದೊಡ್ಡ ರಿಪೇರಿಗೆ, ಮರುನಿರ್ಮಾಣಕ್ಕೆ ಇರುವುದು.

---

ಮುಲುಂಡ್ ಕಾರ್ಯದರ್ಶಿ · ಏಪ್ರಿಲ್ 23

ರಿಪೇರಿ ಫಂಡಿನಿಂದಲೇ ಸರ್. ಹೊಸ ಕರಡು ಹಾಕುತ್ತಿದ್ದೇನೆ. ನಿನ್ನೆ ಕಮಿಟಿಯಲ್ಲಿ ಓದಿದೆ, ಖಜಾಂಚಿಗಳಿಗೆ ಕಾರಂಜಿ ಹೋದದ್ದಕ್ಕೆ ಬೇಸರ.

*«ಮಾನ್ಯರೇ,*

*ನಮ್ಮ ಸೊಸೈಟಿಯ ಮೂರು ವಿಂಗುಗಳ ನಡುವಿನ ಅಂಗಳವನ್ನು ಮರುವಿನ್ಯಾಸ ಮಾಡಿಕೊಡಬೇಕೆಂದು ಕೇಳುತ್ತಿದ್ದೇವೆ. ಮೊದಲು ತೊಂದರೆ ಹೇಳುತ್ತೇವೆ. ಜೋರು ಮಳೆಗೆ ಬಿ ವಿಂಗಿನ ನೆಲಮನೆಗಳಿಗೆ ನೀರು ನುಗ್ಗುತ್ತದೆ. ಎರಡು ಸಲ ಹಳೆಯ ನೆಲದ ಮೇಲೆ ಹೊಸ ನೆಲ ಹಾಸಿದ್ದರಿಂದ ಅಂಗಳ 27 ಸೆಂ.ಮೀ. ಏರಿದೆ, ಇಳಿಜಾರು ಗೇಟಿನಿಂದ ಮನೆಗಳ ಕಡೆಗೆ ತಿರುಗಿದೆ. ನಾವು ಅಳೆಸಿದ ಮಟ್ಟಗಳನ್ನು ಜೊತೆಗಿಟ್ಟಿದ್ದೇವೆ. ಅವನ್ನು ನಂಬದೆ ನೀವೇ ಇನ್ನೊಮ್ಮೆ ಅಳೆಸಿ.*

*ಅಂಗಳದ ನಡುವೆ 35,000 ಲೀಟರಿನ ಕುಡಿಯುವ ನೀರಿನ ಟಾಕಿ ಇದೆ. ಅದರ ಸ್ಲ್ಯಾಬಿನ ನಕ್ಷೆ ನಮ್ಮಲ್ಲಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಪರೀಕ್ಷಿಸುವವರೆಗೆ ಅದರ ಮೇಲೆ ಮಣ್ಣು, ತೊಟ್ಟಿ, ವಾಹನ ಯಾವುದೂ ಬೇಡ. ಮುಚ್ಚಳ ಈಗ ನೆಲಕ್ಕೆ ಸಮವಾಗಿದೆ, ನಿಂತ ನೀರು ಒಳಗೆ ಹೋಗದಂತೆ ಅದನ್ನು ಎತ್ತರಿಸಬೇಕು, ಸೊಳ್ಳೆ ಹೋಗದಂತೆ ಮುಚ್ಚಬೇಕು. ಟಾಕಿ ತೊಳೆಯುವವರು ವರ್ಷಕ್ಕೆ ಎರಡು ಸಲ ಅಲ್ಲಿಂದಲೇ ಇಳಿಯುತ್ತಾರೆ.*

*ಅಂಗಳ ಬಳಸುವವರು: ಬೆಳಿಗ್ಗೆ ಶಾಲೆಯ ವ್ಯಾನಿಗೆ ಕಾಯುವ ಹದಿನೈದು ಮಕ್ಕಳು. ಸಂಜೆ ಆರರಿಂದ ಎಂಟು, ಬಾದಾಮಿ ಮರದ ನೆರಳಲ್ಲಿ ಐದಾರು ಹಿರಿಯರು, ಒರಗಿ ಕೂರುವ ಕಟ್ಟೆ ಅವರ ಬೇಡಿಕೆ. ಗಣೇಶೋತ್ಸವಕ್ಕೆ ವರ್ಷಕ್ಕೊಮ್ಮೆ ಪೆಂಡಾಲ್. ಬಿ ವಿಂಗಿನಲ್ಲಿ ಗಾಲಿಕುರ್ಚಿ ಬಳಸುವವರಿದ್ದಾರೆ, ಅಂಗಳ ತಗ್ಗಿಸಿದರೆ ಅವರ ದಾರಿ ಏನೆಂಬುದು ನಮಗೆ ತಿಳಿಯದು. ಬಾದಾಮಿ ಮರ ಉಳಿಯಬೇಕು.*

*ಮಳೆಗಾಲದ ಗಟಾರ ತುಂಬಿ ಹಿಂದಕ್ಕೆ ಬಂದರೆ ಏನು ಮಾಡಬೇಕೆಂಬ ಪ್ರಶ್ನೆಗೂ ಉತ್ತರ ಬಯಸುತ್ತೇವೆ. ಜುಲೈ ತಿಂಗಳಲ್ಲಿ ಒಂದು ಜೋರು ಮಳೆಯ ದಿನ ಖುದ್ದು ಬಂದು ನೋಡಿ. ಕೆಲಸ ದೀಪಾವಳಿಯ ನಂತರ ಶುರುವಾಗಲಿ.*

*ಒಟ್ಟು ಮಿತಿ, ಹಳೆಯ ನೆಲ ಕಿತ್ತು ಸಾಗಿಸುವುದೂ ನಿಮ್ಮ ಶುಲ್ಕವೂ ಸೇರಿ, 12 ಲಕ್ಷ ರೂಪಾಯಿ. ಸಾಲದಿದ್ದರೆ ಯಾವುದನ್ನು ಬಿಡಬೇಕೆಂದು ಹೇಳಿ, ನೀರಿನ ಕೆಲಸವನ್ನು ಮಾತ್ರ ಬಿಡುವಂತಿಲ್ಲ. ಶುಲ್ಕವನ್ನು ಹಂತ ಹಂತವಾಗಿ, ಸೈಟ್ ಮೇಲ್ವಿಚಾರಣೆಗೆ ಬೇರೆಯಾಗಿ, ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನ ನಿಮ್ಮ ನೋಂದಣಿ ಸಂಖ್ಯೆಯೊಡನೆ ತಿಳಿಸಿ. ನಮ್ಮ ಪರವಾಗಿ ತೀರ್ಮಾನ ಹೇಳುವವರು ಇಬ್ಬರೇ: ಕಾರ್ಯದರ್ಶಿ ಮತ್ತು ಬಿ-2ರ ಸದಸ್ಯೆ. ಉಳಿದ 46 ಮನೆಯವರು ನಿಮಗೆ ಫೋನ್ ಮಾಡಿದರೆ ನಮ್ಮ ಕಡೆಗೆ ಕಳುಹಿಸಿ.»*

---

ಮೇಜುದೀಪ · ಏಪ್ರಿಲ್ 23

ಕೊನೆಯ ಎರಡು ವಾಕ್ಯಕ್ಕೆ ನಾನು ಶುಲ್ಕದಲ್ಲಿ ರಿಯಾಯಿತಿ ಕೊಡುತ್ತಿದ್ದೆ. ಹಳೆಯ ಮೆಟ್ಟಿಲಿನ ಫೋಟೋ ಜೊತೆಗೆ ಹಾಕಿ.

---

ಧಾರವಾಡ ಓವರ್‌ಸಿಯರ್ · ಏಪ್ರಿಲ್ 23

ಪತ್ರ ಪಸಂದ್ ಐತ್ರಿ. 12 ಲಕ್ಷದಾಗ ಎರಡು ಪದರು ಕೀಳೋದು, ಕಾಲುವೆ, ನೆಲ ಕುಂತ್ರ ಕಟ್ಟೆಗೆ ರೊಕ್ಕ ಉಳೀತದೋ ಇಲ್ಲೋ, ನಾ ಆಣಿ ಮಾಡಾಂಗಿಲ್ಲ.

---

ಎ ವಿಂಗ್ ಅಜ್ಜಿ · ಏಪ್ರಿಲ್ 24

ಕಟ್ಟೆಗೆ ದುಡ್ಡು ಸಾಲದಿದ್ದರೆ ನಾವು ಐದು ಜನ ಕೊಡ್ತೇವೆ. ಕಲ್ಲು ಕಾರ್ಕಳದ್ದು ಆಗ್ತದಾ ಅಂತ ಕೇಳಿ.

---

ನೆಲಮನೆ ಬಿ-2 · ಏಪ್ರಿಲ್ 24

ನಿನ್ನೆಯೂ ಟ್ಯಾಂಕರ್ ಒಳಗೇ ಬಂದಿತ್ತು. ವಾಚ್‌ಮನ್‌ಗೆ ಯಾರೂ ಹೇಳಿಲ್ಲವಂತೆ.